ನೀರು ಕುಡಿದಷ್ಟೂ ಇಳಿಯುವ ಸೋಡಿಯಂ: ಮಸ್ಕತ್ತಿನ ಬೇಸಿಗೆ ಮತ್ತು ಬಿಪಿ ಮಾತ್ರೆ



ಒಮಾನಿನ ಬೇಸಿಗೆ ಹೇಗಿರುತ್ತೆ ಅನ್ನೋದಕ್ಕೆ ಒಂದು ಅಂಕಿ ಸಾಕು. 2018ರ ಜೂನ್ 26ರಂದು ಮಸ್ಕತ್ತಿನ ಆಗ್ನೇಯಕ್ಕಿರುವ ಕುರಿಯಾತ್ ಎಂಬ ಕರಾವಳಿ ಊರಿನಲ್ಲಿ ಇಡೀ ದಿನದ ಕನಿಷ್ಠ ತಾಪಮಾನವೇ 42.6 ಡಿಗ್ರಿ ಇತ್ತು. ಗರಿಷ್ಠ ಅಲ್ಲ, ಕನಿಷ್ಠ. ಇಂಥ ಕಡೆ ಬದುಕುವವರು ಒಬ್ಬರಿಗೊಬ್ಬರು ಹೇಳುವ ಮಾತು ಒಂದೇ: ನೀರು ಕುಡೀರಿ, ಚೆನ್ನಾಗಿ ನೀರು ಕುಡೀರಿ. ಬಿಸಿಲಲ್ಲಿ ಬೆವರುವವರಿಗೆ ಈ ಮಾತು ಜೀವ ಉಳಿಸುತ್ತದೆ. ಆದರೆ ಒಂದು ಬಗೆಯ ಮಾತ್ರೆ ನುಂಗುತ್ತಿರುವ, ಎಸಿ ಕೋಣೆಯಲ್ಲೇ ದಿನ ಕಳೆಯುವ ವಯಸ್ಸಾದವರಿಗೆ ಇದೇ ಮಾತು ಅಪಾಯ ತರಬಹುದು. ಅದು ಹೇಗೆ ಅನ್ನೋದನ್ನ ಇವತ್ತು ಲೆಕ್ಕ ಹಾಕಿ ನೋಡೋಣ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಇದು ಯಾರೋ ಒಬ್ಬರ ಕಥೆ ಅಲ್ಲ, ವೈದ್ಯರು ಮತ್ತೆ ಮತ್ತೆ ನೋಡುವ ಚಿತ್ರವನ್ನು ಕಲಿಕೆಗಾಗಿ ನಾವು ಜೋಡಿಸಿಕೊಂಡದ್ದು. ಶಿವಮೊಗ್ಗದ ಒಬ್ಬ ಅಮ್ಮ, ವಯಸ್ಸು 68, ತೂಕ 50 ಕಿಲೋ. ಮಗಳ ಬಾಣಂತನಕ್ಕೆ ಅಂತ ಜೂನ್ ತಿಂಗಳಲ್ಲಿ ಮಸ್ಕತ್ತಿನ ಅಲ್ ಖುವೈರ್‌ಗೆ ಬಂದಿದ್ದಾರೆ. ಬಿಪಿಗೆ ಅಮ್ಲೋಡಿಪಿನ್ ತೆಗೆದುಕೊಳ್ಳುತ್ತಿದ್ದರು. ಅಷ್ಟಕ್ಕೆ ಬಿಪಿ ಇಳಿಯಲಿಲ್ಲ ಅಂತ, ವಿಮಾನ ಹತ್ತುವ ಹತ್ತು ದಿನ ಮೊದಲು ವೈದ್ಯರು ಕ್ಲೋರ್‌ಥಾಲಿಡೋನ್ 12.5 ಮಿಲಿಗ್ರಾಂ ಸೇರಿಸಿದರು. ಉಪ್ಪು ಕಡಿಮೆ ಮಾಡಿ ಅಂತಲೂ ಹೇಳಿದರು. ಮೂರು ತಿಂಗಳ ಮಾತ್ರೆ ಬ್ಯಾಗಿನಲ್ಲಿದೆ. ಆರು ತಿಂಗಳ ಹಿಂದಿನ ರಕ್ತ ಪರೀಕ್ಷೆಯಲ್ಲಿ ಸೋಡಿಯಂ 138, ಪೊಟ್ಯಾಸಿಯಂ 4.1. ಎರಡೂ ಸರಿಯಾಗಿದ್ದವು. ಹೊಸ ಮಾತ್ರೆ ಶುರುವಾದ ಮೇಲೆ ಮತ್ತೆ ಪರೀಕ್ಷೆ ಆಗಿಲ್ಲ.

ಮಸ್ಕತ್ತಿನಲ್ಲಿ ಅಮ್ಮ ಹೊರಗೆ ಹೋಗುವುದೇ ಕಡಿಮೆ. ಮನೆಯೊಳಗೆ ಎಸಿ 24 ಡಿಗ್ರಿಯಲ್ಲಿ ಓಡುತ್ತಿರುತ್ತದೆ. ಊಟವೂ ಅಷ್ಟಕ್ಕಷ್ಟೆ: ಬೆಳಿಗ್ಗೆ ಕಾಫಿ, ಮಧ್ಯಾಹ್ನ ಸ್ವಲ್ಪ ಅನ್ನ ಸಾರು, ರಾತ್ರಿ ಗಂಜಿ. ಆದರೆ ನೀರಿನ ವಿಷಯದಲ್ಲಿ ಮನೆಯವರು ಬಿಡುವುದಿಲ್ಲ. "ಅತ್ತೆ, ಇದು ಮಸ್ಕತ್, ನೀರು ಮಾತ್ರ ಮರೀಬೇಡಿ" ಅಂತ ಅಳಿಯ. "ಅಮ್ಮಾ, ಬಾಟಲಿ ಖಾಲಿ ಮಾಡಿದ್ಯಾ?" ಅಂತ ಮಗಳು. "ಎಷ್ಟು ಅಂತ ಕುಡಿಯೋದೇ, ಹೊಟ್ಟೆಯೆಲ್ಲ ನೀರಾಯ್ತು" ಅಂತ ಅಮ್ಮ. ಊರಲ್ಲಿ ದಿನಕ್ಕೆ ಎರಡೂವರೆ ಲೀಟರ್ ಕುಡಿಯುತ್ತಿದ್ದವರು ಇಲ್ಲಿ ಮೂರೂವರೆ ಲೀಟರ್ ಕುಡಿಯತೊಡಗಿದರು.

ಈಗ ಮಾತ್ರೆಯ ಕಡೆ ಬರೋಣ. ಡೈಯುರೆಟಿಕ್ ಅಂದರೆ ಮೂತ್ರ ಹೆಚ್ಚಿಸುವ ಔಷಧ. ಅದರಲ್ಲಿ ಥಯಾಝೈಡ್ ಎಂಬ ಗುಂಪನ್ನು ಬಿಪಿಗೆ ಹೆಚ್ಚು ಬಳಸುತ್ತಾರೆ. ಹೈಡ್ರೋಕ್ಲೋರೋಥಯಾಝೈಡ್, ಕ್ಲೋರ್‌ಥಾಲಿಡೋನ್, ಇಂಡಪಮೈಡ್ ಇವೆಲ್ಲ ಇದೇ ಜಾತಿ. ಎಷ್ಟೋ ಸಲ ಇವು ಬೇರೆ ಬಿಪಿ ಔಷಧದ ಜೊತೆ ಒಂದೇ ಮಾತ್ರೆಯಲ್ಲಿ ಬೆರೆತಿರುತ್ತವೆ. ಸ್ಟ್ರಿಪ್ ಮೇಲೆ ಮಾತ್ರೆಯ ಹೆಸರಿನ ಕೊನೆಗೆ ಎಚ್ ಅಥವಾ ಸಿಎಚ್ ಎಂಬ ಅಕ್ಷರ ಇದ್ದರೆ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿ ನೋಡಿ. "ನಾನು ತಗೊಳ್ಳೋದು ಬಿಪಿ ಮಾತ್ರೆ ಅಷ್ಟೇ" ಅನ್ನುವವರು ಡೈಯುರೆಟಿಕ್ ಕೂಡ ತೆಗೆದುಕೊಳ್ಳುತ್ತಿರಬಹುದು.

ಮೂತ್ರ ಹೆಚ್ಚಿಸುವ ಮಾತ್ರೆ ಅಂದ ಮೇಲೆ ನೀರು ಹೊರಗೆ ಹೋಗಲೇಬೇಕಲ್ವಾ, ಜಾಸ್ತಿ ಕುಡಿದರೆ ಏನು ತೊಂದರೆ? ಇಲ್ಲೇ ಎಲ್ಲರೂ ಎಡವೋದು. ಥಯಾಝೈಡ್ ಹೊರಗೆ ತಳ್ಳುವುದು ಮುಖ್ಯವಾಗಿ ಉಪ್ಪನ್ನು. ಉಪ್ಪಿನ ಬೆನ್ನಿಗೆ ಸ್ವಲ್ಪ ನೀರು ಹೋಗುತ್ತದೆ. ಆದರೆ ಬರೀ ನೀರನ್ನು, ಅಂದರೆ ಉಪ್ಪಿಲ್ಲದ ನೀರನ್ನು, ಹೊರಹಾಕುವ ಕಿಡ್ನಿಯ ಶಕ್ತಿಯನ್ನು ಇದೇ ಮಾತ್ರೆ ಕುಗ್ಗಿಸುತ್ತದೆ. ಕಿಡ್ನಿಯ ಸಣ್ಣ ನಾಳಗಳಲ್ಲಿ ಕೊನೆಯ ಹತ್ತಿರ ಒಂದು ಭಾಗವಿದೆ. ನೀರನ್ನು ನಾಳದಲ್ಲೇ ಬಿಟ್ಟು ಉಪ್ಪನ್ನು ಮಾತ್ರ ರಕ್ತಕ್ಕೆ ಎತ್ತಿಕೊಂಡು ಮೂತ್ರವನ್ನು ತಿಳಿಯಾಗಿಸುವುದು ಅಲ್ಲಿ ನಡೆಯುವ ಕೆಲಸ. ಥಯಾಝೈಡ್ ಹೋಗಿ ತಡೆಯುವುದು ಸರಿಯಾಗಿ ಆ ಕೆಲಸವನ್ನೇ.

ಲೆಕ್ಕ ನೋಡೋಣ. ನಾವು ತಿಂದ ಉಪ್ಪು, ಪ್ರೋಟೀನಿನಿಂದ ಬರುವ ಯೂರಿಯಾ, ಇವೆಲ್ಲ ಕರಗಿದ ರೂಪದಲ್ಲಿ ಮೂತ್ರದಲ್ಲಿ ಹೋಗಬೇಕು. ಇದನ್ನು ಮಿಲಿಆಸ್ಮೋಲ್ ಎಂಬ ಅಳತೆಯಲ್ಲಿ ಎಣಿಸುತ್ತಾರೆ. ನಾವು ಸುಮ್ಮನೆ ಯೂನಿಟ್ ಅನ್ನೋಣ. ಕಡಿಮೆ ಉಣ್ಣುವ ನಮ್ಮ ಅಮ್ಮನಲ್ಲಿ ದಿನಕ್ಕೆ ಸುಮಾರು 450 ಯೂನಿಟ್ ಅಂತ ಇಟ್ಟುಕೊಳ್ಳಿ. ಮಾತ್ರೆ ಇಲ್ಲದಿದ್ದಾಗ ಅವರ ಕಿಡ್ನಿ ಒಂದು ಲೀಟರ್ ಮೂತ್ರಕ್ಕೆ 100 ಯೂನಿಟ್ ಆಗುವಷ್ಟು ತಿಳಿಯಾಗಿಸಬಲ್ಲದು. ಅಂದರೆ ಬೇಕಾದರೆ ದಿನಕ್ಕೆ ನಾಲ್ಕೂವರೆ ಲೀಟರ್ ಮೂತ್ರ ಮಾಡಬಲ್ಲದು. ಮಾತ್ರೆ ಬಂದ ಮೇಲೆ ಮೂತ್ರ ಲೀಟರಿಗೆ 300 ಯೂನಿಟ್‌ಗಿಂತ ತಿಳಿಯಾಗುತ್ತಿಲ್ಲ. 450ನ್ನು 300ರಿಂದ ಭಾಗಿಸಿದರೆ ಒಂದೂವರೆ. ದಿನಕ್ಕೆ ಒಂದೂವರೆ ಲೀಟರ್, ಅಷ್ಟೇ. ಎಷ್ಟು ಕುಡಿದರೂ ಅದಕ್ಕಿಂತ ಹೆಚ್ಚು ಹೋಗುವುದಿಲ್ಲ.

ಉಸಿರು, ಚರ್ಮ, ಮಲ ಇವುಗಳಿಂದ ಇನ್ನೊಂದು ಲೀಟರ್ ಹೋಗುತ್ತದೆ ಅಂತ ಹಿಡಿಯೋಣ. ಊರಲ್ಲಿ ಎರಡೂವರೆ ಒಳಗೆ, ಎರಡೂವರೆ ಹೊರಗೆ, ಲೆಕ್ಕ ಸರಿಹೋಗುತ್ತಿತ್ತು. ಇಲ್ಲಿ ಮೂರೂವರೆ ಒಳಗೆ, ಹೊರಗೆ ಎರಡೂವರೆಯೇ. ದಿನಕ್ಕೆ ಒಂದು ಲೀಟರ್ ಮೈಯಲ್ಲೇ ಉಳಿಯಿತು. ಮೂರು ದಿನಕ್ಕೆ ಮೂರು ಲೀಟರ್.

50 ಕಿಲೋ ತೂಕದ ವಯಸ್ಸಾದ ಹೆಂಗಸಿನ ಮೈಯಲ್ಲಿ ಸುಮಾರು 22.5 ಲೀಟರ್ ನೀರಿರುತ್ತದೆ. ಅದಕ್ಕೆ ಮೂರು ಸೇರಿದರೆ 25.5. ಸಾರಿಗೆ ನೀರು ಬೆರೆಸಿದರೆ ಉಪ್ಪು ಸಪ್ಪೆಯಾಗುತ್ತದಲ್ಲ, ಹಾಗೆಯೇ ಇದು. 138ನ್ನು 22.5ರಿಂದ ಗುಣಿಸಿ 25.5ರಿಂದ ಭಾಗಿಸಿ, ಸುಮಾರು 122 ಬರುತ್ತದೆ. ಇದು ಬರೀ ನೀರಿನ ಲೆಕ್ಕ. ಮೂತ್ರದಲ್ಲಿ ಹೋದ ಉಪ್ಪಿನ ನಷ್ಟವೂ ಸೇರಿದಾಗ ಅಮ್ಮನ ಸೋಡಿಯಂ 119ಕ್ಕೆ ಬಂದು ನಿಂತಿತು. ಸಹಜ ಮಟ್ಟ 135ರಿಂದ 145. 125ಕ್ಕಿಂತ ಕೆಳಗೆ ಇಳಿದರೆ ಅದು ಗಂಭೀರ.

ಈ ನೀರು ಕಣ್ಣಿಗೆ ಕಾಣುವುದಿಲ್ಲ. ಕಾಲು ಊದುವುದಿಲ್ಲ, ಮುಖ ಬಾಡುವುದಿಲ್ಲ. ಅದು ಮೈಯ ಎಲ್ಲ ಜೀವಕೋಶಗಳಿಗೂ ಹಂಚಿಹೋಗುತ್ತದೆ, ಮಿದುಳಿನ ಕೋಶಗಳಿಗೂ ಕೂಡ. ತಲೆಬುರುಡೆಯೊಳಗೆ ಹಿಗ್ಗಲು ಜಾಗ ಇಲ್ಲ. ಹಾಗಾಗಿ ಮೊದಲು ತೊಂದರೆ ಕಾಣಿಸುವುದು ಮಿದುಳಿನಲ್ಲಿ.

ಅಮ್ಮನಿಗೆ ಮೊದಲ ದಿನ ವಾಕರಿಕೆ, ತಲೆನೋವು, ಊಟ ಬೇಡ. "ಸೆಕೆಗೆ ಹಾಗಾಗುತ್ತೆ, ಇನ್ನೂ ಸ್ವಲ್ಪ ನೀರು ಕುಡಿ" ಅಂದರು. ಮರುದಿನ ನಡಿಗೆ ತೂರಾಡಿತು. ಗೋಡೆ ಹಿಡಿದು ಬಚ್ಚಲಿಗೆ ಹೋಗುವಂತಾಯಿತು. "ವಯಸ್ಸಾಯ್ತು, ಪ್ರಯಾಣದ ಸುಸ್ತು" ಅಂದುಕೊಂಡರು. ಮೂರನೇ ದಿನ ಸಂಜೆ ಮೊಮ್ಮಗುವಿನ ಹೆಸರು ನೆನಪಾಗಲಿಲ್ಲ. ತಾವು ಶಿವಮೊಗ್ಗದಲ್ಲೇ ಇದ್ದೇನೆ ಅಂದುಕೊಂಡು ಮಾತಾಡತೊಡಗಿದರು. ಇದಾದ ಮೇಲಿನ ಹಂತ ಫಿಟ್ಸ್ ಮತ್ತು ಪ್ರಜ್ಞೆ ತಪ್ಪುವುದು. ಮೂರು ದಿನವೂ ಮನೆಯವರು ಕೊಟ್ಟ ಮದ್ದು ಒಂದೇ, ನೀರು. ಹೀಗೆ ರೋಗಲಕ್ಷಣವೇ ರೋಗವನ್ನು ಬೆಳೆಸುತ್ತಾ ಹೋಯಿತು.

ಇದು ಬಿಸಿಲಿನ ಹೊಡೆತವೋ ಸೋಡಿಯಂ ಇಳಿದದ್ದೋ ಅಂತ ಮನೆಯಲ್ಲಿ ಹೇಗೆ ಗೊತ್ತಾಗಬೇಕು? ಖಚಿತವಾಗಿ ಹೇಳಬಲ್ಲದ್ದು ರಕ್ತ ಪರೀಕ್ಷೆ ಮಾತ್ರ. ಆದರೂ ಒಂದು ಥರ್ಮಾಮೀಟರ್ ಸಾಕಷ್ಟು ಹೇಳುತ್ತದೆ. ಬಿಸಿಲಿನ ಹೊಡೆತದಲ್ಲಿ ಮೈ ಕಾಯುತ್ತದೆ, ಜ್ವರ ಸಾಮಾನ್ಯವಾಗಿ 40 ಡಿಗ್ರಿ ಮೇಲಿರುತ್ತದೆ, ಆ ಮನುಷ್ಯ ಬಿಸಿಯಲ್ಲಿ ಇದ್ದಿರುತ್ತಾನೆ. ಎಸಿ ಕೋಣೆಯಲ್ಲಿದ್ದವರು, ಮೈ ತಣ್ಣಗಿದೆ, ಮೂತ್ರ ಸರಿಯಾಗಿ ಹೋಗುತ್ತಿದೆ, ಆದರೂ ತೂರಾಟ ಮತ್ತು ಮರೆವು ಅಂದರೆ ಸೋಡಿಯಂ ಬಗ್ಗೆ ಯೋಚಿಸಬೇಕು. ಇನ್ನು ಮಾತು ತೊದಲುವುದು, ಒಂದು ಕಡೆ ಕೈಕಾಲು ಸೋಲುವುದು ಕಂಡರೆ ಪಾರ್ಶ್ವವಾಯು ಕೂಡ ಇರಬಹುದು. ಯಾವುದೇ ಆದರೂ ಗೊಂದಲ, ಫಿಟ್ಸ್ ಅಥವಾ ಎಚ್ಚರ ತಪ್ಪುವುದು ಮನೆಯಲ್ಲಿ ಕಾದು ನೋಡುವಂಥದ್ದಲ್ಲ. ಒಮಾನಿನಲ್ಲಿ ತುರ್ತು ಸಂಖ್ಯೆ 9999. ಆಸ್ಪತ್ರೆಗೆ ಹೋಗುವಾಗ ಮಾತ್ರೆಯ ಸ್ಟ್ರಿಪ್‌ಗಳನ್ನೆಲ್ಲ ಜೊತೆಗೆ ಒಯ್ಯಿರಿ. ಊರಿನ ವೈದ್ಯರು ಬರೆದದ್ದು ಇಲ್ಲಿಯವರಿಗೆ ಗೊತ್ತಿರುವುದಿಲ್ಲ.

ಈಗ ಪೊಟ್ಯಾಸಿಯಂ. ಅಮ್ಮನ ವರದಿಯಲ್ಲಿ ಅದು 3.1 ಇತ್ತು. ಸಹಜ ಮಟ್ಟ 3.5ರಿಂದ ಸುಮಾರು 5. ಇದೂ ಅದೇ ಮಾತ್ರೆಯ ಕೆಲಸ. ಮೇಲಿನ ಭಾಗದಲ್ಲಿ ಎತ್ತಿಕೊಳ್ಳದೆ ಬಿಟ್ಟ ಉಪ್ಪು ನಾಳದ ಕೊನೆಯ ಭಾಗಕ್ಕೆ ಹರಿದು ಬರುತ್ತದೆ. ಅಲ್ಲಿ ಕಿಡ್ನಿ ಆ ಸೋಡಿಯಂನಲ್ಲಿ ಒಂದಷ್ಟನ್ನು ಒಳಗೆ ಎಳೆದುಕೊಂಡು, ಅದರ ಬದಲಿಗೆ ಪೊಟ್ಯಾಸಿಯಂ ಹೊರಗೆ ಬಿಡುತ್ತದೆ. ಉಪ್ಪು ನಷ್ಟವಾದಾಗ ಏರುವ ಅಲ್ಡೋಸ್ಟಿರೋನ್ ಎಂಬ ಹಾರ್ಮೋನು ಈ ವ್ಯಾಪಾರವನ್ನು ಇನ್ನೂ ಚುರುಕು ಮಾಡುತ್ತದೆ.

ಸೋಡಿಯಂ ಇಳಿದರೆ ಮಿದುಳು ಹೇಳುತ್ತದೆ, ಪೊಟ್ಯಾಸಿಯಂ ಇಳಿದರೆ ಸ್ನಾಯು ಹೇಳುತ್ತದೆ. ತೊಡೆಯಲ್ಲಿ ಶಕ್ತಿ ಇಲ್ಲ, ಕುರ್ಚಿಯಿಂದ ಏಳಲು ಕೈ ಊರಬೇಕು. ರಾತ್ರಿ ಮೀನಖಂಡ ಹಿಡಿದುಕೊಳ್ಳುತ್ತದೆ. ಕರುಳೂ ಸ್ನಾಯುವೇ, ಹಾಗಾಗಿ ಮಲಬದ್ಧತೆ. ಹೃದಯವೂ ಸ್ನಾಯುವೇ, ಎದೆ ಬಡಿತ ತಪ್ಪಿದಂತೆ ಆಗುತ್ತದೆ. 3.0ಕ್ಕಿಂತ ಮೇಲಿದ್ದಾಗ ಹಲವರಿಗೆ ಏನೂ ಅನ್ನಿಸುವುದೇ ಇಲ್ಲ. 2.5ಕ್ಕಿಂತ ಕೆಳಗಿಳಿದರೆ ಬಡಿತದ ಲಯ ಅಪಾಯಕಾರಿಯಾಗಿ ಕೆಡಬಹುದು. ಹೃದಯದ ಕಾಯಿಲೆ ಇದ್ದವರಿಗೆ, ಡಿಗಾಕ್ಸಿನ್ ಮಾತ್ರೆ ತೆಗೆದುಕೊಳ್ಳುವವರಿಗೆ ಅದಕ್ಕಿಂತ ಮೊದಲೇ ತೊಂದರೆ ಆಗಬಹುದು. ಅದಕ್ಕೇ ಇಸಿಜಿ ಕೂಡ ಮಾಡಿಸುತ್ತಾರೆ.

ಈ ವರದಿ ಓದುವಾಗ ಎರಡು ಎಚ್ಚರಿಕೆ. ಮೊದಲನೆಯದು, ಪೊಟ್ಯಾಸಿಯಂ ಹೆಚ್ಚಾಗಿ ಇರುವುದು ಜೀವಕೋಶಗಳ ಒಳಗೆ. ರಕ್ತ ತೆಗೆಯುವಾಗ ಅಥವಾ ಸಾಗಿಸುವಾಗ ಕೆಂಪು ಕಣಗಳು ಒಡೆದರೆ ಅದು ಹೊರಗೆ ಸೋರಿ ಅಂಕಿ ಏರಿಬಿಡುತ್ತದೆ. ನಿಜಕ್ಕೂ 3.0 ಇದ್ದದ್ದು 3.8 ಅಂತ ಕಾಣಬಹುದು. ವರದಿಯಲ್ಲಿ ಹೀಮೊಲೈಸ್ಡ್ ಅಂತ ಬರೆದಿದ್ದರೆ ಮತ್ತೆ ರಕ್ತ ಕೊಡಿ. ಎರಡನೆಯದು, ಟೆಲ್ಮಿಸಾರ್ಟನ್, ಲೊಸಾರ್ಟನ್ ಥರದ ಔಷಧದ ಜೊತೆ ಥಯಾಝೈಡ್ ಬೆರೆತ ಮಾತ್ರೆಯಲ್ಲಿ ಪೊಟ್ಯಾಸಿಯಂ ಸರಿಯಾಗಿಯೇ ಕಾಣಬಹುದು, ಏಕೆಂದರೆ ಒಂದು ಇಳಿಸುತ್ತದೆ, ಇನ್ನೊಂದು ಏರಿಸುತ್ತದೆ. ಪೊಟ್ಯಾಸಿಯಂ ಚೆನ್ನಾಗಿದೆ ಅಂತ ಸೋಡಿಯಂ ನೋಡದೆ ಬಿಡಬೇಡಿ.

ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ? ರಕ್ತದಲ್ಲಿ ಸೋಡಿಯಂ, ಪೊಟ್ಯಾಸಿಯಂ, ಮೆಗ್ನೀಸಿಯಂ, ಕ್ರಿಯಾಟಿನಿನ್, ಸಕ್ಕರೆ. ಸಕ್ಕರೆ ಯಾಕೆ ಅಂದರೆ ಅದು ಬಹಳ ಏರಿದಾಗ ಕೋಶಗಳಿಂದ ನೀರನ್ನು ಎಳೆದು ಸೋಡಿಯಂ ಅನ್ನು ತಾನೇ ಕಡಿಮೆ ತೋರಿಸುತ್ತದೆ. ಮೆಗ್ನೀಸಿಯಂ ಕಡಿಮೆ ಇದ್ದರೆ ಎಷ್ಟು ಪೊಟ್ಯಾಸಿಯಂ ಕೊಟ್ಟರೂ ನಿಲ್ಲುವುದಿಲ್ಲ. ಮೂತ್ರ ಎಷ್ಟು ಗಟ್ಟಿಯಾಗಿದೆ, ಅದರಲ್ಲಿ ಸೋಡಿಯಂ ಎಷ್ಟಿದೆ ಅಂತಲೂ ನೋಡುತ್ತಾರೆ. ಆಮೇಲೆ ಥಯಾಝೈಡ್ ನಿಲ್ಲಿಸಿ, ನೀರು ಮಿತಗೊಳಿಸುತ್ತಾರೆ. ಫಿಟ್ಸ್ ಅಥವಾ ತೀವ್ರ ಗೊಂದಲ ಇದ್ದರೆ ಗಟ್ಟಿ ಉಪ್ಪಿನ ದ್ರಾವಣವನ್ನು ಸಣ್ಣ ಪ್ರಮಾಣದಲ್ಲಿ ನಾಳಕ್ಕೆ ಕೊಡುತ್ತಾರೆ.

ಇಲ್ಲಿ ಮನೆಯವರಿಗೆ ಅರ್ಥವಾಗದ ಒಂದು ವಿಷಯ ಇದೆ. "119 ಇದೆ ಅಂತೀರಿ, ಇವತ್ತೇ 138 ಮಾಡಿಬಿಡಿ" ಅಂತ ಕೇಳುತ್ತಾರೆ. ಮಾಡಬಾರದು. ಕೆಲವು ದಿನಗಳಲ್ಲಿ ಇಳಿದ ಸೋಡಿಯಂಗೆ ಮಿದುಳಿನ ಕೋಶಗಳು ಹೊಂದಿಕೊಂಡುಬಿಟ್ಟಿರುತ್ತವೆ. ಅದನ್ನು ದಿಢೀರನೆ ಏರಿಸಿದರೆ ಕೋಶಗಳು ಕುಗ್ಗಿ, ಮಿದುಳಿನ ನರಗಳ ಹೊದಿಕೆ ಹಾಳಾಗಬಹುದು. ಮಾತು, ನುಂಗುವುದು, ಕೈಕಾಲು ಎಲ್ಲಕ್ಕೂ ಶಾಶ್ವತ ಪೆಟ್ಟು ಬೀಳುವ ಸಾಧ್ಯತೆ ಇದೆ. ಹಾಗಾಗಿ 24 ಗಂಟೆಯಲ್ಲಿ 8ರಿಂದ 10ಕ್ಕಿಂತ ಹೆಚ್ಚು ಏರಿಸುವುದಿಲ್ಲ. ರಾತ್ರಿ ಒಂಬತ್ತಕ್ಕೆ 119 ಇದ್ದರೆ ಮರುದಿನ ರಾತ್ರಿ ಒಂಬತ್ತಕ್ಕೆ 129 ದಾಟಬಾರದು, ಪೊಟ್ಯಾಸಿಯಂ ಕೂಡ ಕಡಿಮೆ ಇರುವ ನಮ್ಮ ಅಮ್ಮನಂಥವರಲ್ಲಿ 127ಕ್ಕೇ ನಿಲ್ಲಿಸುವುದು ಲೇಸು.

ಥಯಾಝೈಡ್ ನಿಲ್ಲಿಸಿದಾಗ ಇದು ತಾನಾಗಿಯೇ ಮೀರುವ ಅಪಾಯವೂ ಇದೆ. ಮಾತ್ರೆಯ ಪ್ರಭಾವ ಹೋದ ಕೂಡಲೇ ಕಿಡ್ನಿಗೆ ತಿಳಿ ಮೂತ್ರ ಮಾಡುವ ಶಕ್ತಿ ವಾಪಸ್ ಬರುತ್ತದೆ. ಕೂಡಿಟ್ಟ ನೀರೆಲ್ಲ ಕೆಲವೇ ಗಂಟೆಗಳಲ್ಲಿ ಹರಿದುಹೋಗಿ ಸೋಡಿಯಂ ಜಿಗಿಯುತ್ತದೆ. ಕೊಟ್ಟ ಪೊಟ್ಯಾಸಿಯಂ ಕೂಡ ಸೋಡಿಯಂ ಅನ್ನು ಏರಿಸುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅದಕ್ಕೇ ನಾಲ್ಕರಿಂದ ಆರು ಗಂಟೆಗೊಮ್ಮೆ ರಕ್ತ ತೆಗೆಯುತ್ತಾರೆ, ಮೂತ್ರ ಅಳೆಯುತ್ತಾರೆ. "ಎಷ್ಟು ಸಲ ಚುಚ್ತೀರಿ" ಅಂತ ಬೇಸರ ಬೇಡ. ಇದೇ ಕಾರಣಕ್ಕೆ ಮನೆಯಲ್ಲಿ ಉಪ್ಪುನೀರು ಕುಡಿಸಿ ಸರಿಮಾಡುವ ಪ್ರಯತ್ನವೂ ಬೇಡ.

ಹಾಗಾದರೆ ಮಾತ್ರೆ ಬಿಟ್ಟುಬಿಡೋದಾ? ಖಂಡಿತ ಅಲ್ಲ. ಥಯಾಝೈಡ್ ಬಿಪಿ ಇಳಿಸುತ್ತದೆ, ಪಾರ್ಶ್ವವಾಯು ತಡೆಯುತ್ತದೆ, ಹೆಚ್ಚಿನವರಿಗೆ ತೊಂದರೆ ಕೊಡುವುದಿಲ್ಲ. ಹೃದಯ ಸೋತವರು ತೆಗೆದುಕೊಳ್ಳುವ ಫ್ಯೂರೋಸೆಮೈಡ್ ಅನ್ನು ತಾವಾಗಿಯೇ ನಿಲ್ಲಿಸಿದರೆ ಶ್ವಾಸಕೋಶದಲ್ಲಿ ನೀರು ತುಂಬಬಹುದು. ಆ ಮಾತ್ರೆ ಕಿಡ್ನಿಯ ಬೇರೆ ಭಾಗದಲ್ಲಿ ಕೆಲಸ ಮಾಡುತ್ತದೆ. ಅದರಲ್ಲಿ ಪೊಟ್ಯಾಸಿಯಂ ಇಳಿಯುವುದು ಸಾಮಾನ್ಯ, ಸೋಡಿಯಂ ಹೀಗೆ ಕುಸಿಯುವುದು ಥಯಾಝೈಡ್‌ಗಿಂತ ಕಡಿಮೆ. ಸ್ಪೈರನೋಲ್ಯಾಕ್ಟೋನ್ ಎಂಬ ಇನ್ನೊಂದು ಡೈಯುರೆಟಿಕ್ ಅಂತೂ ಪೊಟ್ಯಾಸಿಯಂ ಅನ್ನು ಏರಿಸುತ್ತದೆ. ಹಾಗಾಗಿ ಯಾರದೋ ಮಾತು ಕೇಳಿ ಪೊಟ್ಯಾಸಿಯಂ ಸಿರಪ್ ಕುಡಿಯುವುದು, "ಕಡಿಮೆ ಸೋಡಿಯಂ ಉಪ್ಪು" ಅಂತ ಸಿಗುವ ಪೊಟ್ಯಾಸಿಯಂ ಬೆರೆಸಿದ ಉಪ್ಪು ಬಳಸುವುದು ಕಿಡ್ನಿ ದುರ್ಬಲ ಇದ್ದವರಿಗೆ ಅಪಾಯ.

ಮಾಡಬೇಕಾದದ್ದು ಸರಿಯಾದ ಹೊತ್ತಿಗೆ ಪರೀಕ್ಷೆ. ಥಯಾಝೈಡ್ ಶುರು ಮಾಡುವ ಮೊದಲು ಒಮ್ಮೆ. ಶುರು ಮಾಡಿದ ಅಥವಾ ಡೋಸ್ ಬದಲಿಸಿದ ಒಂದೆರಡು ವಾರಕ್ಕೆ ಇನ್ನೊಮ್ಮೆ, ಏಕೆಂದರೆ ಸೋಡಿಯಂ ಕುಸಿಯುವುದು ಹೆಚ್ಚಾಗಿ ಮೊದಲ ವಾರಗಳಲ್ಲೇ. ಆಮೇಲೆ ಆರು ತಿಂಗಳಿಂದ ವರ್ಷಕ್ಕೊಮ್ಮೆ. ವಾಂತಿ ಭೇದಿ ಆದರೆ, ಖಿನ್ನತೆಗೆ ಅಥವಾ ಫಿಟ್ಸ್‌ಗೆ ಹೊಸ ಮಾತ್ರೆ ಸೇರಿದರೆ, ಆಗಲೂ. ವಯಸ್ಸಾದ, ತೂಕ ಕಡಿಮೆ ಇರುವ, ಕಡಿಮೆ ಉಣ್ಣುವ ಹೆಂಗಸರಲ್ಲಿ ಇದನ್ನು ತಪ್ಪಿಸಲೇಬಾರದು. ಭಾರತದ ವರದಿಯಲ್ಲಿ mEq/L, ಇಲ್ಲಿಯ ವರದಿಯಲ್ಲಿ mmol/L ಅಂತ ಇದ್ದರೂ ಸೋಡಿಯಂ, ಪೊಟ್ಯಾಸಿಯಂಗೆ ಅಂಕಿ ಒಂದೇ. ಹಳೆ ವರದಿ ಪಕ್ಕದಲ್ಲಿಟ್ಟು ನೋಡಿ. 139 ಇದ್ದದ್ದು 133 ಆಗಿದ್ದರೆ ಅದು "ಸ್ವಲ್ಪ ಕಮ್ಮಿ" ಅಲ್ಲ, ಇಳಿಯುತ್ತಿದೆ ಅಂತ ಅರ್ಥ. ವೈದ್ಯರಿಗೆ ಅವತ್ತೇ ತೋರಿಸಿ.

ನಮ್ಮ ಅಮ್ಮನ ವಿಷಯದಲ್ಲಿ, ವಿಮಾನ ಹತ್ತುವ ಹಿಂದಿನ ದಿನ ಒಂದು ರಕ್ತ ಪರೀಕ್ಷೆ, ಮಸ್ಕತ್ತಿಗೆ ಬಂದ ಮೇಲೆ ಬೇಗನೆ ಇನ್ನೊಂದು ಆಗಿದ್ದರೆ ಇದು ಮೊದಲೇ ಗೊತ್ತಾಗಬಹುದಿತ್ತು.

ಇನ್ನು ನೀರು ಎಷ್ಟು ಕುಡಿಯಬೇಕು? ಒಮಾನಿನಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರೂವರೆವರೆಗೆ ಬಯಲಿನಲ್ಲಿ ಕೆಲಸ ಮಾಡಿಸುವಂತಿಲ್ಲ. ಉಳಿದ ಹೊತ್ತಿನಲ್ಲಿ ಸೈಟಿನಲ್ಲಿ ದುಡಿಯುವವರು ಲೀಟರುಗಟ್ಟಲೆ ಬೆವರುತ್ತಾರೆ, ಬೆವರಿನಲ್ಲಿ ಉಪ್ಪೂ ಹೋಗುತ್ತದೆ. ಅವರಿಗೆ ನೀರೂ ಬೇಕು, ಉಪ್ಪೂ ಬೇಕು. ಅಂಥವರು ಈ ಮಾತ್ರೆ ತೆಗೆದುಕೊಳ್ಳುತ್ತಿದ್ದು, ಎದ್ದು ನಿಂತಾಗ ಕಣ್ಣು ಕತ್ತಲಿಟ್ಟರೆ, ಬೇಸಿಗೆಗೆ ಡೋಸ್ ಬದಲಿಸಬೇಕಾ ಅಂತ ವೈದ್ಯರನ್ನು ಕೇಳಬೇಕು. ಎಸಿಯಲ್ಲಿ ಕೂತ ಅಮ್ಮನ ಸ್ಥಿತಿ ಇದಕ್ಕೆ ಪೂರ್ತಿ ಉಲ್ಟಾ. ಅವರು ಬಾಯಾರಿದಾಗ ಕುಡಿದರೆ ಸಾಕು, ಬಾಟಲಿ ಎಣಿಸಬೇಕಾಗಿಲ್ಲ. ಅವರಿಗೆ ಬೇಕಿದ್ದದ್ದು ಒಂದು ತುತ್ತು ಹೆಚ್ಚು ಊಟ: ಬೇಳೆ, ಮೊಸರು, ಮೊಟ್ಟೆ ತಿನ್ನುವವರಾದರೆ ಮೊಟ್ಟೆ. ಆಗ ಆ 450 ಯೂನಿಟ್ 600 ಆಗುತ್ತದೆ, ಅದೇ ಮಾತ್ರೆ ಇದ್ದರೂ ಎರಡು ಲೀಟರ್ ಮೂತ್ರ ಹೋಗಲು ದಾರಿಯಾಗುತ್ತದೆ.

ಅಮ್ಮ ಐದನೇ ದಿನಕ್ಕೆ ಮನೆಗೆ ಬಂದರು ಅಂತ ಇಟ್ಟುಕೊಳ್ಳೋಣ. ಸೋಡಿಯಂ 134, ಪೊಟ್ಯಾಸಿಯಂ 4.0, ಮೊಮ್ಮಗುವಿನ ಹೆಸರು ಸರಿಯಾಗಿ ನೆನಪಿದೆ. ಥಯಾಝೈಡ್ ಬದಲು ಬೇರೆ ಬಿಪಿ ಮಾತ್ರೆ ಬಂದಿದೆ. ಒಮ್ಮೆ ಹೀಗಾದವರಿಗೆ ಅದೇ ಗುಂಪಿನ ಮಾತ್ರೆ ಮತ್ತೆ ಕೊಟ್ಟರೆ ಸೋಡಿಯಂ ಮತ್ತೆ ಕುಸಿಯುವ ಸಾಧ್ಯತೆ ಹೆಚ್ಚು. ಹಾಗಾಗಿ ಊರಿಗೆ ಮರಳುವಾಗ ಅವರ ಕೈಯಲ್ಲಿ ಒಂದು ಚೀಟಿ ಇರಬೇಕು: "ಕ್ಲೋರ್‌ಥಾಲಿಡೋನ್‌ನಿಂದ ಸೋಡಿಯಂ 119 ಆಗಿತ್ತು, ಥಯಾಝೈಡ್ ಬೇಡ." ಮುಂದೆ ಯಾವ ವೈದ್ಯರ ಬಳಿ ಹೋದರೂ ಮೊದಲು ತೋರಿಸಬೇಕಾದ್ದು ಅದನ್ನೇ.

ನಿಮ್ಮ ಮನೆಯಲ್ಲೂ ಅಪ್ಪ ಅಮ್ಮ ಬೇಸಿಗೆಗೆ ಬಂದಿದ್ದರೆ ಇವತ್ತು ಅವರ ಮಾತ್ರೆಯ ಸ್ಟ್ರಿಪ್ ಒಮ್ಮೆ ತಿರುಗಿಸಿ ಓದಿ. ಕೊನೆಯ ಸಲ ಸೋಡಿಯಂ, ಪೊಟ್ಯಾಸಿಯಂ ಯಾವಾಗ ನೋಡಿಸಿದ್ದು ಅಂತ ಕೇಳಿ.